ನೆರಳು ಗೇಟಿನ ಹೊರಗೆ

ಶಾಂಭವಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಶಾಲೆಯಲ್ಲಿ ಅವಳು ಬಿಡಿಸಿದ ಹಸುವನ್ನು ಡ್ರಾಯಿಂಗ್ ಮೇಷ್ಟ್ರು ಕುರ್ಚಿ ಎಂದುಕೊಂಡು ಅದಕ್ಕೇ ಅಂಕ ಕೊಟ್ಟಿದ್ದರು. ಆದರೂ ತೆಲುಗು ನಾಡಿನ ಮಹಾನಗರದಲ್ಲಿ, ಮಣಿಕೊಂಡ ಬಡಾವಣೆಯ ಒಂದು ಸ್ಟುಡಿಯೊದಲ್ಲಿ ಐದು ತಿಂಗಳಿಂದ ಅವಳು ದಿನಕ್ಕೆ ನಲವತ್ತು ಚಿತ್ರ ಮಾಡಿ ಕೊಡುತ್ತಿದ್ದಳು. ಮಾಡುವುದು ಎಐ. ಏನು ಬೇಕು, ಯಾವ ಬೆಳಕಿನಲ್ಲಿ ಬೇಕು, ಎಷ್ಟು ದೂರದಿಂದ ಕಾಣಬೇಕು ಎಂದು ಇಂಗ್ಲಿಷಿನಲ್ಲಿ ಬರೆದು ಅದಕ್ಕೆ ತಿನ್ನಿಸುವುದು ಇವಳ ಕೆಲಸ. ಆ ಬರಹಕ್ಕೆ ಪ್ರಾಂಪ್ಟ್ ಎನ್ನುತ್ತಾರೆ. ಹೆಚ್ಚಿನ ದಿನ ಅಪಾರ್ಟ್‌ಮೆಂಟ್ ಜಾಹೀರಾತು: ಬಾಲ್ಕನಿ, ಕಾಫಿ ಕಪ್ಪು, ನಗುವ ಗಂಡ ಹೆಂಡತಿ. ಆರು ತಿಂಗಳು ಮುಗಿದರೆ ಕೆಲಸ ಕಾಯಂ ಆಗುತ್ತಿತ್ತು.

ಅಕ್ಟೋಬರಿನಲ್ಲಿ ಅದೇ ಊರಿನ ಬಾಲಾನಗರದ ಕನ್ನಡ ಸಂಘದ ಕೆಲಸ ಬಂತು. ಸಂಘದ ಅಧ್ಯಕ್ಷರು ಬಸವಲಿಂಗಪ್ಪ. ಅಲ್ಲಿನ ಕಾರ್ಖಾನೆಯೊಂದರಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದವರು. ಶಾಂಭವಿಯ ಅಪ್ಪನ ಜೊತೆ ಒಂದೇ ಶಿಫ್ಟಿನಲ್ಲಿದ್ದವರು, ಹಾಗಾಗಿ ಅವಳಿಗೆ ಕಾಕಾ. ನವೆಂಬರಿನ ಕವಿಗೋಷ್ಠಿಯಲ್ಲಿ ಹನ್ನೆರಡು ಜನ ಕವನ ಓದುವಾಗ ಹಿಂದಿನ ಪರದೆಯ ಮೇಲೆ ಚಿತ್ರ ಮೂಡಬೇಕು ಎಂಬುದು ಅವರ ಆಸೆ. ಬೇರೆ ಸಂಘದವರು ಇನ್ನೂ ಮಾಡಿರಲಿಲ್ಲ. ಕಾರಣ ಇಷ್ಟೇ.

ಸ್ಟುಡಿಯೊದ ಯಜಮಾನ ರವಿಕಿರಣ ಬೀದರಿನ ಕಡೆಯವನು. "ಕನ್ನಡ ಓದಾಕ ಬರೂದು ಇಲ್ಲಿ ನಿನಗಷ್ಟೇ. ನನಗ ಬೋರ್ಡ್ ಓದೂದೊಳಗ ಬಸ್ ಹೋಗಿರ್ತದ," ಎಂದು ಕೆಲಸವನ್ನು ಅವಳಿಗೆ ಒಪ್ಪಿಸಿದ.

ಹನ್ನೊಂದು ಕವನಗಳಲ್ಲಿ ತಾಯಿ, ಚಂದ್ರ, ನಾಡದೇವಿ ಇದ್ದರು. ಎರಡು ದಿನದಲ್ಲಿ ಮುಗಿದವು. ಹನ್ನೆರಡನೆಯದು ಬರೆದು ಬಂದಿರಲಿಲ್ಲ, ವಾಟ್ಸಾಪಿನಲ್ಲಿ ಧ್ವನಿಯಾಗಿ ಬಂದಿತ್ತು. ಕಳಿಸಿದವಳು ಗದಿಗೆಮ್ಮ. ಯಾದಗಿರಿ ಕಡೆಯವಳು, ಮಣಿಕೊಂಡದಲ್ಲೇ ಏಳುತ್ತಿದ್ದ ಒಂದು ಎತ್ತರದ ಕಟ್ಟಡದಲ್ಲಿ ಗಾರೆ ಹೊರುವವಳು. ಹಿಂದೆ ಯಾವಾಗಲೋ ಸಂಘದ ಕಟ್ಟಡಕ್ಕೆ ಗಿಲಾವು ಮಾಡಲು ಬಂದಾಗ ಅವಳು ಹಾಡಿದ್ದನ್ನು ಬಸವಲಿಂಗಪ್ಪನವರು ಕೇಳಿ ನಂಬರು ಇಟ್ಟುಕೊಂಡಿದ್ದರು. ಪದ್ಯ ಎಂಟು ಸಾಲು.

ನನ್ನ ನೆತ್ತಿ ಮ್ಯಾಲ ಹದಿನೇಳು ಮಾಳಿಗಿ ಅದಾವ,
ಒಂದರಾಗೂ ನನ್ನ ಒಲಿ ಇಲ್ಲ.
ಗೇಟಿನ ತನಕ ಬಂದ ನನ್ನ ನೆರಳು
ಒಳಗ ಬರಾಕ ಒಲ್ಲೆ ಅಂತು.
ಸಿಟ್ಟು ನನ್ನ ಸೆರಗಿನ ಗಂಟು,
ಬಿಚ್ಚಿದರ ಈ ಊರು ಸಾಲೂದಿಲ್ಲ.
ಬಿದ್ದರ ಸಪ್ಪಳ ಆಗೂದಿಲ್ಲ ಅಂದಿರಿ,
ನಾ ಬೀಳಾಕ ಬಂದಾಕಿ ಅಲ್ಲ.

ಶಾಂಭವಿ ಇದನ್ನೂ ಉಳಿದ ಹನ್ನೊಂದರ ಹಾಗೆಯೇ ಮಾಡಿದಳು. ಸಾಲಿನಲ್ಲಿ ಏನಿದೆಯೋ ಅದನ್ನೇ ಇಂಗ್ಲಿಷಿಗೆ ಹಾಕಿದಳು. ತಲೆಯ ಮೇಲೆ ಹದಿನೇಳು ಅಂತಸ್ತಿನ ಕಟ್ಟಡ ಹೊತ್ತ ಹೆಂಗಸು ಎಂದು ಕೊಟ್ಟಳು. ಎಐ ಕೊಟ್ಟದ್ದು ಬಿಲ್ಡಿಂಗನ್ನು ಟೋಪಿಯ ಹಾಗೆ ಧರಿಸಿ ನಿಂತ ಚಂದದ ಹುಡುಗಿ. ನೆರಳು ಒಳಗೆ ಬರಲು ಒಪ್ಪುತ್ತಿಲ್ಲ ಎಂದರೆ ಗೇಟಿನ ಹೊರಗೆ ಕಪ್ಪು ದೆವ್ವ ಬಂತು. ಸೆರಗಿನ ಗಂಟಿನಲ್ಲಿ ಸಿಟ್ಟು ಎಂದರೆ ಸೀರೆಗೆ ಬೆಂಕಿ ಹತ್ತಿತು. ಬೀಳುವುದಿಲ್ಲ ಎಂದದ್ದಕ್ಕೆ ಹೆಂಗಸು ಗಾಳಿಯಲ್ಲಿ ತಲೆಕೆಳಗಾಗಿ ಬೀಳುತ್ತಿದ್ದಳು. ನಾಲ್ಕನ್ನೂ ಅಳತೆ ಸರಿಯಿದೆಯೇ ಎಂದು ನೋಡಲು ಸ್ಟುಡಿಯೊದ ಫೋಲ್ಡರಿಗೆ ಹಾಕಿ, 'ಪರೀಕ್ಷೆಗೆ ಮಾತ್ರ' ಎಂದು ಹೆಸರಿಟ್ಟಳು. ಆ ಫೋಲ್ಡರಿನ ಲಿಂಕ್ ಸಂಘದವರ ಬಳಿಯೂ ಇತ್ತು. ಬಸವಲಿಂಗಪ್ಪನವರು ನೋಡಿದರು, ಮೆಚ್ಚಿದರು, ಟೋಪಿಯ ಹುಡುಗಿಯನ್ನು ಎಂಟು ಅಡಿ ಬ್ಯಾನರಿಗೆ ಹಾಕಿಸಿಬಿಟ್ಟರು. ಬ್ಯಾನರಿನ ಫೋಟೊ ಎಲ್ಲ ಕವಿಗಳಿಗೂ ಹೋಯಿತು.

ಮರುದಿನ ಮಧ್ಯಾಹ್ನ ಶಾಂಭವಿಗೆ ಫೋನು ಬಂತು.

"ಚಿತ್ರ ಮಾಡಾಕಿ ನೀನೇನು?"

"ಹೌದ್ರಿ. ಯಾರ್ರಿ?"

"ಬಿಲ್ಡಿಂಗ್ ಹೊತ್ತಾಕಿ."

ಶಾಂಭವಿಗೆ ನಗು ಬಂತು. ಆ ಕಡೆ ನಗು ಇರಲಿಲ್ಲ.

"ನಾ ಏನರ ತಮಾಷಿ ಮಾಡೀನೇನ್ ತಂಗಿ? ನಮ್ಮ ಸೈಟಿನ್ಯಾಗ ಎಲ್ಲಾರೂ ನೋಡಿ ಬಿದ್ದ ಬಿದ್ದ ನಗಾಕತ್ಯಾರ. ಮೇಸ್ತ್ರಿ ಅಂತಾನ, ಗದಿಗೆವ್ವಾ, ಕ್ರೇನ್ ತೆಗಸ್ತೀನಿ, ನೀನ ಸಾಕು ಅಂತ. ನೋಡು, ಈ ಗೊಂಬಿ ಹಿಂದ ನಿಲ್ಲಿಸಿದ್ರ ನಾ ಪದ್ಯ ಹೇಳೂದಿಲ್ಲ. ಹೇಳೂದಿಲ್ಲ ಅಂದ್ರ ಇಲ್ಲ."

"ಅದು ಬರೇ ಟೆಸ್ಟ್ ಇತ್ತಕ್ಕಾ. ನಾ ಬ್ಯಾರೆ ಮಾಡ್ತೀನಿ."

"ಮಾಡು. ಮಾಡಿ ತೋರಿಸು. ಆಮ್ಯಾಲ ಬರ್ತೀನಿ."

ಶಾಂಭವಿ ಎರಡನೆಯ ಸಲ ಬೇರೆ ತಪ್ಪು ಮಾಡಿದಳು. ಟೋಪಿ, ದೆವ್ವ, ಬೆಂಕಿ ಎಲ್ಲ ತೆಗೆದು ಭಾವವನ್ನು ಬರೆದಳು: ದುಃಖ, ಕೋಪ, ಬಡತನ, ಗಟ್ಟಿತನ, ಕಟ್ಟಡ ಕೆಲಸದ ಹೆಂಗಸು. ಬಂದದ್ದು ಒಂದೇ ಮುಖ. ಸುಕ್ಕು, ಕೆಸರು, ಕೆನ್ನೆಯ ಮೇಲೆ ಹೊಳೆಯುವ ಹನಿ, ಹಿಂದಿನಿಂದ ಬಂಗಾರದ ಬೆಳಕು. ಕಣ್ಣೀರು ಬೇಡ ಎಂದು ಬರೆದಳು. ಕಣ್ಣೀರು ಎರಡೂ ಕೆನ್ನೆಗೆ ಬಂತು. ಎಐ 'ಬೇಡ'ವನ್ನು ಅಷ್ಟಾಗಿ ಗಮನಿಸುವುದಿಲ್ಲ, ಹೆಸರು ಹೇಳಿದ್ದನ್ನು ತಂದು ಇಡುತ್ತದೆ. ಬೇಡದ್ದನ್ನು ಬರೆಯಲು ಬೇರೆಯೇ ಖಾನೆ ಇತ್ತು. ಆ ಶಬ್ದವನ್ನು ಅಲ್ಲಿಗೆ ಸರಿಸಿದಳು. ಕಣ್ಣೀರು ಹೋಯಿತು. ಮುಖ ಮಾತ್ರ ಯಾರಾದರೂ ಬಂದು ಕಾಪಾಡಲಿ ಎಂದು ಕಾಯುತ್ತ ಹಾಗೇ ಉಳಿಯಿತು.

ರವಿಕಿರಣ ಹಿಂದಿನಿಂದ ಇಣುಕಿ ನೋಡಿದ. "ಏ, ಇದು ಮಸ್ತ್ ಅದ. ಬಸವಲಿಂಗಪ್ಪ ಸಾಹೇಬ್ರು ಅತ್ತೇ ಬಿಡ್ತಾರ."

"ಈಕಿ ಅಳಾಕತ್ತಾಳ ಸರ್. ಪದ್ಯದಾಗ ಯಾರೂ ಅತ್ತಿಲ್ಲ."

"ಕಣ್ಣೀರು ಎಲ್ಲದ? ತೆಗದೀಯಲ್ಲ."

"ನೀರ್ ತೆಗದೀನಿ. ಅಳೂದು ಹೋಗಿಲ್ಲ."

ರವಿಕಿರಣ ಆ ಚಿತ್ರವನ್ನು ಸಂಘಕ್ಕೆ ಕಳಿಸಿದ. ಅರ್ಧ ಗಂಟೆಯಲ್ಲಿ ಬಸವಲಿಂಗಪ್ಪನವರ ಉತ್ತರ ಬಂತು: ಭಾಳ ಛಲೋ ಆಗೇತಿ, ಇದು ಮತ್ತು ಬಿಲ್ಡಿಂಗಿಂದು ಎರಡೂ ಇರಲಿ, ಕವಿಗೋಷ್ಠಿಗೆ ಹಣ ಕೊಡುವ ಬಿಲ್ಡರ್ ಸಾಹೇಬರಿಗೂ ತೋರಿಸಿ ಒಪ್ಪಿಗೆ ತಗೊಂಡೀನಿ. ರವಿಕಿರಣ ಕಂಪ್ಯೂಟರಿನಲ್ಲಿ ಆ ಕೆಲಸದ ಎದುರು ಹಸಿರು ಗುರುತು ಹಾಕಿದ. ಸ್ಟುಡಿಯೊದಲ್ಲಿ ಹಸಿರು ಬಿದ್ದ ಮೇಲೆ ಯಾರೂ ಕೈ ಹಚ್ಚುವಂತಿಲ್ಲ.

ಶಾಂಭವಿ ಮರುದಿನ ಬೆಳಿಗ್ಗೆ ಎಂಟಕ್ಕೆ ಗದಿಗೆಮ್ಮನ ಸೈಟಿಗೆ ಹೋದಳು. ಅವಳಿದ್ದ ಹಾಸ್ಟೆಲಿನಿಂದ ನಡೆದರೆ ಇಪ್ಪತ್ತು ನಿಮಿಷ. ಗೇಟಿನ ಮುಂದೆ ಕೂಲಿಯವರು ಹೆಬ್ಬೆಟ್ಟು ಒತ್ತುವ ಯಂತ್ರಕ್ಕೆ ಸಾಲು ನಿಂತಿದ್ದರು. ಗದಿಗೆಮ್ಮ ಮೂವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ಅಳುವ ಮುಖವನ್ನು ಫೋನಿನಲ್ಲಿ ನೋಡಿ ಹಿಂದಕ್ಕೆ ಕೊಟ್ಟಳು.

"ಈಕಿಗೆ ಯಾರ ಸತ್ತಾರ?"

"ಯಾರೂ ಇಲ್ಲಕ್ಕಾ."

"ಮತ್ತ? ನಾ ಇದರಾಗ ಯಾರಿಗೂ ಕೈ ಒಡ್ಡಿಲ್ಲ ತಂಗಿ. ಬೈದೀನಿ. ಬೈಯೂ ಹೊತ್ತಿನ್ಯಾಗ ನೀ ಅಳಾಕಿ ಫೋಟೊ ಇಟ್ಟರ ಬೈಗಳ ಎಲ್ಲಿ ಹೋತು?"

ಅರ್ಥ ಏನು ಎಂದು ಕೇಳಬೇಕೆಂದು ಶಾಂಭವಿ ಬಂದಿದ್ದಳು. ಕೇಳಲಿಲ್ಲ. ಅರ್ಥ ಕೇಳಿದರೆ ಮತ್ತೆ ಅದೇ ದೊಡ್ಡ ಶಬ್ದಗಳು ಬರುತ್ತವೆ, ಅವನ್ನು ಬರೆದರೆ ಮತ್ತೆ ಅದೇ ಮುಖ ಬರುತ್ತದೆ. "ನೆರಳು ಒಳಗ ಬರಾಕ ಒಲ್ಲೆ ಅಂತಲ್ಲ, ಆವಾಗ ನೀವು ಎಲ್ಲಿ ನಿಂತಿದ್ರಿ?" ಎಂದು ಕೇಳಿದಳು.

"ಎಲ್ಲಿ ಅಂದ್ರ? ಇಲ್ಲೇ. ಹುಚ್ಚಿ, ಅದೇನು ಕನಸಲ್ಲ. ಬಾ ಇಲ್ಲಿ."

ಗದಿಗೆಮ್ಮ ಹೆಬ್ಬೆಟ್ಟು ಒತ್ತಿ ಗೇಟು ದಾಟಿ ನಾಲ್ಕು ಹೆಜ್ಜೆ ಒಳಗೆ ಹೋಗಿ ನಿಂತಳು. ಗೇಟು ಪಶ್ಚಿಮಕ್ಕಿತ್ತು. ಸೂರ್ಯ ಅವಳ ಎದುರಿಗೆ, ಅರ್ಧ ಕಟ್ಟಿದ ಗೋಡೆಗಳ ನಡುವಿನಿಂದ ತಗ್ಗಿನಲ್ಲಿ ಬರುತ್ತಿದ್ದ. ನೆರಳು ಅವಳ ಕಾಲಿನಿಂದ ಹಿಂದಕ್ಕೆ ಚಾಚಿ, ಗೇಟಿನ ಕೆಳಗಿನ ಕಬ್ಬಿಣದ ಹಳಿ ದಾಟಿ, ಶಾಂಭವಿ ನಿಂತಿದ್ದ ರಸ್ತೆಯ ಮೇಲೆ ಬಿದ್ದಿತ್ತು. ಮೈ ಒಳಗೆ, ತಲೆಯ ನೆರಳು ಹೊರಗೆ.

"ಕಂಡ್ತೇನು?" ಗದಿಗೆಮ್ಮ ತಿರುಗದೆ ಕೂಗಿದಳು. "ಸಂಜಿಗೆ ಹೊಂಟಾಗ ಉಲ್ಟಾ. ನಾ ಹೊರಗ, ಅದು ಒಳಗ. ನನಗೂ ಅದಕ್ಕೂ ಒಂದ ಕಡೆ ಇರೂದು ಆಗಿ ಬರಂಗಿಲ್ಲ!"

ಸಾಲಿನಲ್ಲಿದ್ದ ಒಬ್ಬ ಮುದುಕ ತೆಲುಗಿನಲ್ಲಿ ಏನೋ ಅಂದ. ಗದಿಗೆಮ್ಮ ತೆಲುಗಿನಲ್ಲೇ ಅದಕ್ಕಿಂತ ಉದ್ದ ಅಂದಳು. ಸಾಲೆಲ್ಲ ನಕ್ಕಿತು.

"ಹದಿನೇಳು ಮಾಳಿಗಿ ಮ್ಯಾಲ ಹೊರ್ತೀರೇನು?" ಶಾಂಭವಿ ಕೇಳಿದಳು.

"ಲಿಫ್ಟ್ ಐತಿ. ಅಲ್ಲಿಂದ ಗ್ವಾಡಿ ತನಕ ನಾ ಹೊರ್ತೀನಿ."

"ಊಟ ಎಲ್ಲಿ ಮಾಡ್ತೀರಿ?"

"ಮ್ಯಾಲೇ. ಅಡಗಿ ಮನ್ಯಾಗ ಕಟ್ಟಿ ಆಗೇತಲ್ಲ, ಕರೀ ಕಲ್ಲಿಂದು, ಅದರ ಮ್ಯಾಲ ಸಿಂಬಿ ಇಟ್ಟು ಕೆಳಗ ಕುಂತು ಬುತ್ತಿ ಬಿಚ್ಚೂದು. ಒಲಿ ಇಡೂ ಜಾಗದಾಗ ನನ್ನ ಸಿಂಬಿ." ಅವಳು ತಲೆಯ ಮೇಲಿಂದ ಸಿಂಬಿ ತೆಗೆದು ತೋರಿಸಿದಳು. ಹಳೆಯ ಸೀರೆ ಹರಿದು ತಿರುಚಿ ಸುತ್ತಿದ್ದು, ಸಿಮೆಂಟ್ ಹತ್ತಿ ಅಂಚು ಕಲ್ಲಾಗಿತ್ತು. ಶಾಂಭವಿ ಅದರ ಫೋಟೊ ತೆಗೆದುಕೊಂಡಳು. ಸೆರಗಿನ ಗಂಟಿನ ಫೋಟೊ ಕೇಳಿದಾಗ ಗದಿಗೆಮ್ಮ ಸೊಂಟಕ್ಕೆ ಕೈ ಇಟ್ಟು ಮುಚ್ಚಿದಳು.

"ಅದರಾಗ ಏನೈತಿ ಅಂತ ತೋರಸೂದಿಲ್ಲ."

"ಬಿಚ್ಚೂದು ಬ್ಯಾಡಕ್ಕಾ. ಹಂಗೇ ಇರಲಿ."

"ಹಂಗೇ ಆದ್ರ ತಗೊ."

ಶಾಂಭವಿ ಸ್ಟುಡಿಯೊದಲ್ಲಿ ಕೂತು ಜಾಹೀರಾತಿನ ಕೆಲಸದ ನಡುನಡುವೆ ಬರೆದಳು. ಸಿಟ್ಟು, ದುಃಖ, ಬಡತನ ಎಂಬ ಶಬ್ದಗಳನ್ನು ಒಂದು ಕಡೆಗೂ ಹಾಕಲಿಲ್ಲ. ಒಲೆ ಇಲ್ಲ ಎಂದು ಗದಿಗೆಮ್ಮ ಬಾಯಲ್ಲಿ ಹೇಳುತ್ತಾಳೆ. ಚಿತ್ರವೂ ಅದನ್ನೇ ಹೇಳಿದರೆ ಇಬ್ಬರಲ್ಲಿ ಒಬ್ಬರು ದಂಡ. ಹಾಗಾಗಿ ಹೆಂಗಸನ್ನೇ ತೆಗೆದಳು, ಮಾಳಿಗೆಗಳನ್ನೂ ತೆಗೆದಳು. ಮುಗಿಯದ ಫ್ಲ್ಯಾಟಿನ ಅಡುಗೆಮನೆ, ಗಿಲಾವಿಲ್ಲದ ಗೋಡೆ, ಕರಿಕಲ್ಲಿನ ಕಟ್ಟೆ, ಅದರ ಮೇಲೆ ತಿರುಚಿದ ಬಟ್ಟೆಯ ಬಳೆಯೊಂದು, ಚೌಕಟ್ಟಿಲ್ಲದ ಕಿಟಕಿಯಾಚೆ ಬಹಳ ಕೆಳಗೆ ಊರು, ನಡುಮಧ್ಯಾಹ್ನದ ಬಿಳಿ ಬೆಳಕು, ಕಣ್ಣಿನ ಎತ್ತರದಿಂದ; 'ಜನ' ಎಂಬುದು ಬೇಡದ ಖಾನೆಗೆ. ಸಿಂಬಿ ಎಂದರೆ ಎಐಗೆ ಗೊತ್ತಿಲ್ಲ. ವಿವರಿಸಿದರೆ ಮೊದಲು ಹಗ್ಗದ ಸುರುಳಿ ಕೊಟ್ಟಿತು, ಆಮೇಲೆ ಹಕ್ಕಿಗೂಡು, ಒಮ್ಮೆ ಸಕ್ಕರೆ ಉದುರಿಸಿದ ಡೋನಟ್. ಕೊನೆಗೆ ತಾನು ತೆಗೆದ ಫೋಟೊವನ್ನೇ ಮಾದರಿಯಾಗಿ ಜೊತೆಗಿಟ್ಟಳು. ಆಗ ಬಂತು. ಬೆಳಕು ಬಂಗಾರವಾಗುತ್ತಲೇ ಇತ್ತು. ಹೊತ್ತು ಮಧ್ಯಾಹ್ನ ಹನ್ನೆರಡೂವರೆ, ಆಕಾಶ ಬಿಳಿ, ಬಣ್ಣ ಸಿಮೆಂಟಿನದು ಎಂದು ಮೂರು ಕಡೆ ಬರೆದ ಮೇಲೆ ಚಟ ಬಿಟ್ಟಿತು.

ನೆರಳಿಗೆ 'ಒಲ್ಲೆ' ಎಂಬುದನ್ನು ಬರೆಯಲಿಲ್ಲ. ಕ್ಯಾಮೆರಾ ರಸ್ತೆಯಲ್ಲಿ, ಸೂರ್ಯ ಎದುರಿಗೆ ತಗ್ಗಿನಲ್ಲಿ, ಹೆಂಗಸು ಗೇಟಿನೊಳಗೆ ನಾಲ್ಕು ಹೆಜ್ಜೆ, ಬೆನ್ನು ನಮಗೆ, ಉದ್ದ ನೆರಳು ಕಬ್ಬಿಣದ ಹಳಿ ದಾಟಿ ನಮ್ಮತ್ತ ಬರುತ್ತದೆ. ನೆರಳು ಒಪ್ಪಲಿಲ್ಲ ಎಂಬುದನ್ನು ಗದಿಗೆಮ್ಮ ಹೇಳಿಕೊಳ್ಳಲಿ. ಗಂಟಿಗೆ ಮುಖ ಬೇಡ, ಕೈ ಬೇಡ. ಕೈ ಇದ್ದರೆ ಎಐ ಬಿಚ್ಚಲು ಶುರುಮಾಡುತ್ತದೆ. ಸೊಂಟಕ್ಕೆ ಸಿಕ್ಕಿಸಿದ ಮಾಸಿದ ಸೆರಗು, ತುದಿಯಲ್ಲಿ ಗಟ್ಟಿ ಗಂಟು, ಅದರ ಎಳೆ ಎಳೆಯೂ ಸ್ಪಷ್ಟ, ಉಳಿದದ್ದು ಮಸುಕು.

ಕೊನೆಯ ಎರಡು ಸಾಲಿಗೆ ಹತ್ತೊಂಬತ್ತು ಸಲ ಪ್ರಯತ್ನಿಸಿದಳು. ಕಟ್ಟಡದ ಸುತ್ತ ಹತ್ತಿ ನಿಲ್ಲಲು ಕಟ್ಟುವ ಸಾರವೆ ತೋರಿಸಿದರೆ ಯಾರೋ ಬೀಳುವರೆಂದು ಹೆದರಿಕೆ, ಗಟ್ಟಿಯಾಗಿ ನಿಂತ ಹೆಂಗಸನ್ನು ತೋರಿಸಿದರೆ ಚುನಾವಣೆಯ ಪೋಸ್ಟರ್. ಕೊನೆಗೆ ಬಿಟ್ಟಳು. ಆ ಸಾಲುಗಳಿಗೂ ಗಂಟೇ ಇರಲಿ, ಅಲುಗದೆ.

ಸಂಜೆ ಮೂರೂ ಚಿತ್ರ ಗದಿಗೆಮ್ಮನಿಗೆ ತೋರಿಸಲು ಹೋದಳು. ಗದಿಗೆಮ್ಮ ಅಡುಗೆಮನೆಯ ಚಿತ್ರವನ್ನು ಬಹಳ ಹೊತ್ತು ಹಿಗ್ಗಿಸಿ ನೋಡಿದಳು.

"ಕಟ್ಟಿ ಎಡಕ್ಕ ಆಗೇತಿ. ನಮ್ಮದು ಬಲಕ್ಕೈತಿ."

"ತಿದ್ದಲೇನು?"

"ಇರಲಿ. ಎಡಕ್ಕ ಕಟ್ಟಿ ಇರೂ ಮನಿನೂ ಕಟ್ಟೀವಿ." ಫೋನು ಕೊಟ್ಟಳು. "ಬರ್ತೀನಿ. ಇವು ಇದ್ದರಷ್ಟೇ."

ರವಿಕಿರಣನಿಗೆ ಶಾಂಭವಿ ಮುಚ್ಚುಮರೆ ಮಾಡಲಿಲ್ಲ. ಮೂರೂ ಚಿತ್ರ ಅವನ ಮುಂದೆ ಇಟ್ಟಳು. ಅವನು ನೆರಳಿನ ಚಿತ್ರವನ್ನು ಎರಡನೆಯ ಸಲ ತೆರೆದು ನೋಡಿದ. ಕೆಲಸ ಬಲ್ಲವನು, ಒಳ್ಳೆಯದು ಕಂಡರೆ ಗೊತ್ತಾಗುತ್ತಿತ್ತು.

"ಅಚ್ಛಾ ಮಾಡೀ. ಆದ್ರ ಹಸಿರು ಬಿದ್ದದ. ಗಿರಾಕಿ ಒಪ್ಪಿದ್ದನ್ನ ನಾ ಬದಲು ಮಾಡಂಗಿಲ್ಲ."

"ಆಕಿ ಪದ್ಯ ಹೇಳೂದಿಲ್ಲ ಸರ್."

"ಬ್ಯಾರೆಯವ್ರು ಓದ್ತಾರ. ನಿಮ್ಮ ಕಾಕಾನೇ ಓದ್ತಾರ. ನೋಡ್ ಶಾಂಭವಿ, ನಿನ್ನ ಕಾಯಂ ಲೆಟರ್ ಟೈಪ್ ಆಗಿ ಕುಂತದ. ಸಹಿ ಒಂದು ಬಾಕಿ. ಒಂದು ಪದ್ಯದ ಸಲುವಾಗಿ ತಕರಾರು ಮಾಡಬ್ಯಾಡ."

"ಹಳೇವು ನಾ ಹಾಕೂದಿಲ್ಲ ಸರ್."

"ಹಾಕೂದು ಸ್ಟುಡಿಯೊ. ನೀನಲ್ಲ."

ಆದರೆ ಭಾನುವಾರ ಕವಿಗೋಷ್ಠಿಯ ಹೊತ್ತಿಗೆ ಸಂಘದ ಸಭಾಂಗಣದಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂರುವುದು ಅವಳೇ. ಕವನ ಕೇಳುತ್ತ ಸರಿಯಾದ ಸಾಲಿಗೆ ಚಿತ್ರ ಬದಲಿಸಲು ಕನ್ನಡ ಗೊತ್ತಿರಬೇಕು. ರವಿಕಿರಣನಿಗೂ ಇದು ಗೊತ್ತಿತ್ತು. ಅವಳನ್ನು ತಡೆಯಲು ಕೆಲಸ ಹೋಗುವ ಹೆದರಿಕೆ ಸಾಕು ಎಂದುಕೊಂಡಿದ್ದ.

ಭಾನುವಾರ ನಾಲ್ಕಕ್ಕೆ ಸಭೆ. ಬಾಗಿಲಲ್ಲಿ ಟೋಪಿಯ ಹುಡುಗಿಯ ಬ್ಯಾನರು, ಅದರ ಪಕ್ಕದ ಮೇಜಿನ ಮೇಲೆ ಬಿಲ್ಡರನ ಹೊಸ ಅಪಾರ್ಟ್‌ಮೆಂಟಿನ ಕರಪತ್ರ. ಬಿಲ್ಡರ್ ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ. ಗದಿಗೆಮ್ಮ ಆ ದಿನದ ಕೆಲಸ ಬಿಟ್ಟು ಬಂದಿದ್ದಳು. ಬ್ಯಾನರನ್ನು ನೋಡಿ ಹೊಸ್ತಿಲಲ್ಲೇ ನಿಂತಳು. ಆಮೇಲೆ ಗೋಡೆಯ ಕಡೆಯಿಂದ ಅದರ ಹಗ್ಗ ಬಿಚ್ಚಿ, ಎಂಟು ಅಡಿ ಬಟ್ಟೆಯನ್ನು ಸುರುಳಿ ಸುತ್ತಿ ಮೂಲೆಗೆ ಒರಗಿಸಿ ಒಳಗೆ ಬಂದಳು. ಬಸವಲಿಂಗಪ್ಪನವರು ಓಡಿಬಂದರು.

"ಏ ಗದಿಗೆಮ್ಮಾ, ಏನ್ ಮಾಡಾಕತ್ತಿ? ಅದು ಸಂಘದ ಬ್ಯಾನರ್!"

"ಬ್ಯಾನರ್ ಸಂಘದ್ದ್ರೀ ಯಜಮಾನ್ರ. ಅದರಾಗಿನ ತಲಿ ನಂದು. ಇಳಿಸೀನಿ."

ಹನ್ನೆರಡನೆಯವಳಾಗಿ ಅವಳು ಮೈಕಿನ ಮುಂದೆ ಬಂದಳು. ಬಸವಲಿಂಗಪ್ಪನವರು ಲ್ಯಾಪ್‌ಟಾಪಿನ ಹಿಂದೆ ಬಂದು ನಿಂತರು. "ಅಳಾಕಿ ಫೋಟೊ ಮೊದಲು ಹಾಕವ್ವಾ," ಎಂದು ಶಾಂಭವಿಯ ಕಿವಿಯಲ್ಲಿ ಹೇಳಿದರು.

"ಆಕಿ ಈ ಪದ್ಯದಾಗ ಇಲ್ರೀ ಕಾಕಾ."

ಶಾಂಭವಿ ಅಡುಗೆಮನೆ ಹಾಕಿದಳು. ಗದಿಗೆಮ್ಮ ಹಾಡಲಿಲ್ಲ, ಲಯ ಇಟ್ಟು ಹೇಳಿದಳು. ಒಂದರಾಗೂ ನನ್ನ ಒಲಿ ಇಲ್ಲ. ಸಭೆಯ ಮೂರನೆಯ ಸಾಲಿನಲ್ಲಿ ಕೂತ ಮುದುಕಿಯೊಬ್ಬಳು ಪಕ್ಕದವಳನ್ನು ಜೋರಾಗಿ ಕೇಳಿದಳು, "ಒಲಿ ಎಲ್ಲೈತಿ? ನನಗ ಬರೇ ಸಿಂಬಿ ಕಾಣಾಕತ್ತೈತಿ." ಪಕ್ಕದವಳು, "ಇಲ್ಲ ಅಂತನ ಹೇಳಾಕತ್ತಾಳಲ್ಲ, ಸುಮ್ಮನಿರು," ಎಂದಳು. ನೆರಳು ಬಂತು. ಅದು ಪರದೆಯ ಕೆಳತುದಿಯವರೆಗೆ, ವೇದಿಕೆಯ ಮೇಲಿದ್ದ ಗದಿಗೆಮ್ಮನ ಕಾಲಿನ ತನಕ ಚಾಚಿತ್ತು. ಆಮೇಲೆ ಗಂಟು.

"ಬದಲ್ ಮಾಡು," ಎಂದರು ಬಸವಲಿಂಗಪ್ಪನವರು. "ಅಲ್ಲೇ ನಿಂತೈತಿ."

"ಅದು ನಿಲ್ಲಬೇಕ್ರೀ."

ಅವರು ಕೈ ಮುಂದೆ ಚಾಚಿದರು. ಶಾಂಭವಿ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಎಳೆದುಕೊಂಡಳು. ವೈರು ಬಿಗಿಯಾಯಿತು, ಕಳಚಲಿಲ್ಲ. ಬಿದ್ದರ ಸಪ್ಪಳ ಆಗೂದಿಲ್ಲ ಅಂದಿರಿ ಎಂದು ಗದಿಗೆಮ್ಮ ಬಿಲ್ಡರ್ ಕೂತಿದ್ದ ಕಡೆ ನೋಡಿ ಹೇಳಿದಳು. ನಾ ಬೀಳಾಕ ಬಂದಾಕಿ ಅಲ್ಲ ಎಂಬುದನ್ನು ಮೈಕು ಬಿಟ್ಟು ಹೇಳಿದಳು. ಕೊನೆಯ ಗೋಡೆಯವರೆಗೆ ಕೇಳಿಸಿತು. ಗಂಟು ಪರದೆಯ ಮೇಲೆ ಹಾಗೇ ಇತ್ತು. ಅರ್ಧ ಸಭೆ ಚಪ್ಪಾಳೆ ತಟ್ಟಿತು, ಅರ್ಧ ತಟ್ಟಲಿಲ್ಲ. ಬಿಲ್ಡರ್ ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿ, ಅದು ತನ್ನ ಫ್ಲ್ಯಾಟಿನ ಅಡುಗೆಮನೆಯೇ ಎಂದು ಬಸವಲಿಂಗಪ್ಪನವರನ್ನು ಕೇಳಿ ಹೊರಟುಹೋದ.

"ನಿಮ್ಮಪ್ಪ ಇದ್ದಿದ್ದರ ಹಿಂಗ ಮಾಡ್ತಿದ್ದೇನು?" ಬಸವಲಿಂಗಪ್ಪನವರು ಕೇಳಿದರು.

"ಅಪ್ಪ ಊರಾಗ ಅದಾನ್ರೀ ಕಾಕಾ. ಫೋನ್ ಮಾಡಿ ಕೇಳ್ರಿ."

ಗದಿಗೆಮ್ಮ ವೇದಿಕೆ ಇಳಿದು ಅವಳ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತಳು. ಸಂಘದವರು ಕವಿಗಳಿಗೆ ಕೊಡುತ್ತಿದ್ದ ಉಪ್ಪಿಟ್ಟಿನ ತಟ್ಟೆ ಇವರತ್ತ ಬರಲಿಲ್ಲ. ಗದಿಗೆಮ್ಮ ಎದ್ದು ಹೋಗಿ ಎರಡು ತಟ್ಟೆ ತಾನೇ ಎತ್ತಿಕೊಂಡು ಬಂದಳು.

ಸೋಮವಾರ ರವಿಕಿರಣ ಲ್ಯಾಪ್‌ಟಾಪ್ ವಾಪಸು ತೆಗೆದುಕೊಂಡ, ಶಾಂಭವಿಯ ಖಾತೆ ಮುಚ್ಚಿದ; ಅವಳ ಫೋನಿನಲ್ಲಿ ಚಿತ್ರಗಳು ತೆರೆಯುತ್ತಿದ್ದದ್ದೂ ಆ ಖಾತೆಯಿಂದಲೇ. ಬೈಯಲಿಲ್ಲ. ಸ್ಟುಡಿಯೊದಲ್ಲಿ ಮಾಡಿದ್ದು ಸ್ಟುಡಿಯೊಗೆ ಸೇರಿದ್ದು ಎಂಬ ಕಾಗದಕ್ಕೆ ಅವಳು ಸೇರಿದ ದಿನವೇ ಸಹಿ ಮಾಡಿದ್ದಳು. "ಆ ಮೂರು ಚಿತ್ರ ಗದಿಗೆಮ್ಮಗರ ಕೊಡ್ರಿ," ಎಂದಳು. ಅಳಿಸಿಯಾಗಿದೆ ಎಂದ. ಅಳಿಸಬೇಕೆಂದು ಸಂಘದವರೇ ಬರೆದು ಕೇಳಿದ್ದರು.

ಹೋದದ್ದು ಇಷ್ಟು: ಕೆಲಸ ಒಂದು, ಚಿತ್ರ ಮೂರು, ಪ್ರಾಂಪ್ಟ್ ನೂರಾ ಹನ್ನೆರಡು.